ಸರ್ಜರಿ ನೋಟ್ ನೋಡಿ ಪಿಎಸಿ ಹಾಳೆ ತುಂಬಿದೆ, ನಾಲ್ಕೂ ತಪ್ಪು ಅಂತ ವಾಪಸ್ ಬಂತು

ಮೊದಲ ವರ್ಷದ ಪಿಜಿ
ಅನಸ್ತೇಷಿಯಾ ಸೇರಿ ಮೂರು ತಿಂಗಳಾಯಿತು. ನಮ್ಮಲ್ಲಿ ಮರುದಿನದ ಲಿಸ್ಟ್‌ನ ಕೇಸ್ ಶೀಟುಗಳು ಸಂಜೆ 4ಕ್ಕೆ ಬರುತ್ತವೆ. ಸರ್ಜರಿಯವರು ಬರೆದ ನೋಟ್ ನೋಡಿ ಪಿಎಸಿ, ಅಂದರೆ ಅರಿವಳಿಕೆಗೆ ಮುಂಚಿನ ತಪಾಸಣೆಯ ಹಾಳೆ ತಯಾರು ಮಾಡಿ, ಆಮೇಲೆ ಮೇಡಂಗೆ ತೋರಿಸಬೇಕು. ನಿನ್ನೆಯ ಒಂದು ಕೇಸ್ ಹಾಕುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ. ನೋಟ್ ಇಂಗ್ಲಿಷಿನಲ್ಲಿತ್ತು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ:

"56 ವರ್ಷ, ಗಂಡಸು, ಅಡಿಕೆ ಕೃಷಿ. ಬಲ ತೊಡೆಸಂದಿನಲ್ಲಿ 1 ವರ್ಷದಿಂದ ಊತ, ಕೆಮ್ಮಿದರೆ ದೊಡ್ಡದಾಗುತ್ತದೆ. ನೋವು, ವಾಂತಿ ಇಲ್ಲ. ಬಿಪಿ, ಶುಗರ್ ಇದೆ. ಮಾತ್ರೆ: ಮೆಟ್‌ಫಾರ್ಮಿನ್ 500 ಎರಡು ಹೊತ್ತು, ಟೆಲ್ಮಿಸಾರ್ಟಾನ್ 40, ಕ್ಲೋಪಿಡೋಗ್ರೆಲ್-ಆಸ್ಪಿರಿನ್ 75/75, ಅಟೋರ್ವಾಸ್ಟಾಟಿನ್ 20. ಎದೆ ಎರಡೂ ಕಡೆ ಸಮ, ಎಸ್1 ಎಸ್2 ಕೇಳಿಸುತ್ತದೆ. ಬಾಯಿ ಎನ್‌ಎಡಿ. ಬಲ ಇಂಗ್ವೈನಲ್ ಹರ್ನಿಯಾ. ನಾಳೆ ಸ್ಪೈನಲ್‌ನಲ್ಲಿ ಮೆಶ್ ರಿಪೇರಿ. ರಾತ್ರಿ 10ರಿಂದ ಎನ್‌ಬಿಎಂ. ಪಿಎಸಿಗೆ ಕಳಿಸಿ."

ನಾನು ತುಂಬಿದ್ದು ಹೀಗೆ:
ಏರ್‌ವೇ: ನಾರ್ಮಲ್.
ಉಪವಾಸ: ರಾತ್ರಿ 10ರಿಂದ, ಸಾಕಷ್ಟಿದೆ.
ಇತರ ಕಾಯಿಲೆ: ಬಿಪಿ, ಶುಗರ್.
ರಿಸ್ಕ್: ಎಎಸ್‌ಎ 2.

ಮೇಡಂ ಹಾಳೆ ನೋಡಿದವರೇ "ನಾಲ್ಕು ಬರೆದಿದ್ದೀಯ, ನಾಲ್ಕೂ ತಪ್ಪು. ಹೋಗಿ ರೋಗಿ ಹತ್ತಿರ ಕೂತ್ಕೊಂಡು ಬಾ" ಅಂತ ವಾಪಸ್ ಕೊಟ್ಟರು. ರೌಂಡ್ಸ್‌ಗೆ ಹೋಗಬೇಕಿತ್ತು, ಅದಕ್ಕೆ ಇನ್ನೂ ಹೋಗಿಲ್ಲ. ನೋಟ್‌ನಲ್ಲಿ ಇದ್ದದ್ದನ್ನೇ ಬರೆದಿದ್ದೇನೆ ಅಲ್ವಾ? ತಪ್ಪು ಎಲ್ಲಿ?

ಕತ್ತರಿ ಕೈ
ನಾನು ಸರ್ಜರಿಯವನು. ನನ್ನ ಪ್ರಕಾರ ನಿಮ್ಮ ಹಾಳೆ ಸರಿಯಾಗಿಯೇ ಇದೆ. ಬಿಪಿ, ಶುಗರ್ ಎರಡೂ ಕಂಟ್ರೋಲ್‌ನಲ್ಲಿದ್ದರೆ ರೋಗಿಯ ಆರೋಗ್ಯದ ಎಎಸ್‌ಎ ದರ್ಜೆ 2, ಇದು ಎಲ್ಲರಿಗೂ ಗೊತ್ತು. ಸ್ಪೈನಲ್ ಕೊಡೋದು ಬೆನ್ನಿಗೆ, ಬಾಯಿ ನೋಡಿ ಏನಾಗಬೇಕು? ಒಂದೇ ಒಂದು ತಪ್ಪು ಅಂದರೆ ರಕ್ತ ತೆಳು ಮಾಡುವ ಕ್ಲೋಪಿಡೋಗ್ರೆಲ್ ನಿಲ್ಲಿಸಿಲ್ಲ. ಅದು ನಮ್ಮ ಕಡೆಯ ತಪ್ಪು, ಒಪ್ಪುತ್ತೇನೆ. 5 ದಿನ ನಿಲ್ಲಿಸಿ ಕರೆಸಿಕೊಳ್ಳಿ, ಮುಗೀತು.

ಮಲೆನಾಡ ಮತ್ತು ಡಾಕ್ಟರ್
ಕತ್ತರಿ ಸಾರ್, ಅರ್ಧ ಸರಿ ಹೇಳಿದ್ದೀರಿ. ಉಳಿದ ಅರ್ಧಕ್ಕೆ ಆಮೇಲೆ ಬರುತ್ತೇನೆ.

ಪಿಜಿ ಅವರೇ, ಮೊದಲು ಉಪವಾಸದ ಸಾಲು ನೋಡಿ. ಹಾಳೆ ತುಂಬಿದ್ದು ಸಂಜೆ 4ಕ್ಕೆ ಅಂದಿರಿ. "ರಾತ್ರಿ 10ರಿಂದ, ಸಾಕಷ್ಟಿದೆ" ಅಂತ ಬರೆದಿದ್ದೀರಿ. ಆ 10 ಗಂಟೆ ಇನ್ನೂ ಬಂದೇ ಇರಲಿಲ್ಲ! ನೋಟ್‌ನಲ್ಲಿರುವ "10ರಿಂದ ಎನ್‌ಬಿಎಂ" ಅನ್ನೋದು ಬಾಯಿಗೆ ಏನೂ ಕೊಡಬೇಡಿ ಅಂತ ಸಿಸ್ಟರ್‌ಗೆ ಕೊಟ್ಟ ಆರ್ಡರ್. ರೋಗಿ ಏನು ಮಾಡಿದ ಅನ್ನೋ ಮಾಹಿತಿ ಅದರಲ್ಲಿಲ್ಲ. ಸರ್ಜರಿ ನೋಟ್‌ನಲ್ಲಿ ಆರ್ಡರ್, ನಡೆದ ವಿಷಯ, ಅಭ್ಯಾಸಬಲದಿಂದ ಬರೆದದ್ದು ಎಲ್ಲ ಒಂದೇ ಕೈಬರಹದಲ್ಲಿ ಕಲೆತಿರುತ್ತವೆ. ಅವನ್ನು ಬೇರೆ ಮಾಡುವುದೇ ಅರ್ಧ ಪಿಎಸಿ.

ಇನ್ನು "ಬಾಯಿ ಎನ್‌ಎಡಿ", ಅಂದರೆ ಬಾಯಲ್ಲಿ ತೊಂದರೆ ಏನೂ ಕಾಣಲಿಲ್ಲ ಅಂತ. ಸರ್ಜನ್ ನೋಡಿದ್ದು ನಾಲಗೆ ಬಿಳಿಚಿದೆಯಾ, ಒಣಗಿದೆಯಾ ಅಂತ. ಉಸಿರಾಟದ ಟ್ಯೂಬ್ ಹಾಕಲು ಎಷ್ಟು ಬಾಯಿ ತೆರೆಯುತ್ತದೆ ಅಂತ ಅವರು ನೋಡಿಲ್ಲ. ನೋಡಬೇಕಾದ ಕೆಲಸವೂ ಅವರದಲ್ಲ. ಅವರು ಬರೆದದ್ದು ಸುಳ್ಳಲ್ಲ, ನೀವು ಅದನ್ನು ಬೇರೆ ಪ್ರಶ್ನೆಗೆ ಉತ್ತರ ಮಾಡಿಕೊಂಡಿರಿ. ಏರ್‌ವೇ ಸಾಲನ್ನು ಯಾವ ಸರ್ಜರಿ ನೋಟ್‌ನಿಂದಲೂ ತುಂಬೋಕೆ ಆಗಲ್ಲ. ಅಡಿಕೆ ಕೃಷಿ ಅಂತ ಬೇರೆ ಬರೆದಿದ್ದಾರೆ. ಆ ಪದ ಓದಿದ ಕೂಡಲೇ ನನ್ನ ಕೈ ರೋಗಿಯ ಕೆನ್ನೆ ಕಡೆ ಹೋಗುತ್ತದೆ. ತೋಟ ಮಾಡುವವರೆಲ್ಲ ಜಗಿಯುತ್ತಾರೆ ಅಂತಲ್ಲ. ಆದರೆ ಕೇಳದೆ ಬಿಡಬಾರದು.

ಮೂರನೆಯದು ಮಾತ್ರೆ. ಕಾಯಿಲೆಯ ಪಟ್ಟಿ ಮತ್ತು ಮಾತ್ರೆಯ ಪಟ್ಟಿ ಪಕ್ಕಪಕ್ಕ ಇಟ್ಟು ಗೆರೆ ಎಳೆಯಿರಿ. ಮೆಟ್‌ಫಾರ್ಮಿನ್‌ನಿಂದ ಶುಗರ್‌ಗೆ ಒಂದು ಗೆರೆ, ಟೆಲ್ಮಿಸಾರ್ಟಾನ್‌ನಿಂದ ಬಿಪಿಗೆ ಒಂದು ಗೆರೆ. ಅಟೋರ್ವಾಸ್ಟಾಟಿನ್ ಶುಗರ್ ಇದ್ದವರಿಗೆ ಸಾಮಾನ್ಯ, ಇರಲಿ. ಕ್ಲೋಪಿಡೋಗ್ರೆಲ್‌ನಿಂದ ಗೆರೆ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಇಲ್ಲ. ಯಾರೂ ಸುಮ್ನೆ ಕ್ಲೋಪಿಡೋಗ್ರೆಲ್ ಬರೆದುಕೊಡಲ್ಲ. ಪಟ್ಟಿಯಲ್ಲಿ ಒಂದು ಕಾಯಿಲೆ ಕಡಿಮೆ ಇದೆ. ಅದು ಸಿಗುವವರೆಗೆ ನಾಲ್ಕನೆಯ ಸಾಲು ಮುಟ್ಟಬೇಡಿ.

ಹಾಸನದ ಮಗಳು
ನಾನು ಡಾಕ್ಟರಲ್ಲ, ತಪ್ಪಿದ್ದರೆ ಕ್ಷಮಿಸಿ. ಉಪವಾಸ ಅಂದ ತಕ್ಷಣ ನಮ್ಮ ಅಪ್ಪಾಜಿ ನೆನಪಾದರು. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಇತ್ತು. ಬೆಳಿಗ್ಗೆ ಆರೂವರೆಗೆ ಅರ್ಧ ಲೋಟ ಕಾಫಿ ಕುಡಿದರು ಅಂತ ಎಂಟೂವರೆಗೆ ಥಿಯೇಟರ್ ಬಾಗಿಲಿಂದ ವಾಪಸ್ ಕಳಿಸಿದರು. ಕಾಫಿ ನೀರಿನ ಹಾಗೇ ಅಲ್ವಾ? ಹಿಂದಿನ ರಾತ್ರಿಯಿಂದ ಒಂದಗುಳು ಅನ್ನ ತಿಂದಿರಲಿಲ್ಲ. ಅರ್ಧ ಲೋಟಕ್ಕೆ ಇಷ್ಟೊಂದು ಯಾಕೆ?

ವಾರ್ಡ್ ಸಿಸ್ಟರ್
ಅಕ್ಕಾ, ಹಾಲಿನ ಕಾಫಿ ನೀರಿನ ಲೆಕ್ಕಕ್ಕೆ ಬರಲ್ಲ. ನಮ್ಮ ಕಡೆ ಕಾಫಿ ಅಂದರೆ ಮುಕ್ಕಾಲು ಹಾಲೇ. ದಿನಾ ಬೆಳಿಗ್ಗೆ ಇದೇ ಗಲಾಟೆ. "ಏನೂ ತಿಂದಿಲ್ಲ ಸಿಸ್ಟರ್" ಅಂತಾರೆ, ನಿಜವೇ. ನಾವು ಕೇಳಿದ್ದು ತಿಂದಿರಾ ಅಂತ, ಕುಡಿದಿರಾ ಅಂತ ಕೇಳಿರಲ್ಲ. ಈಗ ನಾನು "ಬೆಳಿಗ್ಗೆ ಕಾಫಿ ಎಷ್ಟೊತ್ತಿಗೆ ಆಯ್ತು?" ಅಂತಲೇ ಕೇಳೋದು. ಆಗಿದೆ ಅಂದುಕೊಂಡೇ ಕೇಳಿದರೆ ನಿಜ ಹೇಳ್ತಾರೆ. ಜೊತೆಗಿರುವವರನ್ನೂ ಕೇಳಬೇಕು, ತಂದುಕೊಡೋದು ಅವರೇ.

ಮಲೆನಾಡ ಮತ್ತು ಡಾಕ್ಟರ್
ಸಿಸ್ಟರ್ ಹೇಳಿದ್ದು ಚಿನ್ನದಂಥ ಮಾತು.

ಮಗಳು ಅವರೇ, ಹಾಲು ಹೊಟ್ಟೆಯೊಳಗೆ ಹೋದ ಮೇಲೆ ಒಡೆದು ಗಟ್ಟಿಯಾಗುತ್ತದೆ. ಅದು ಖಾಲಿಯಾಗಲು ಊಟದಷ್ಟೇ ಹೊತ್ತು ಬೇಕು, 6 ಗಂಟೆ. ನೀರು, ಹಾಲಿಲ್ಲದ ಕಪ್ಪು ಕಾಫಿ, ತಿಳಿ ಎಳನೀರು ಇವಕ್ಕೆ 2 ಗಂಟೆ ಸಾಕು. ಇಡ್ಲಿಯಂಥ ಹಗುರ ತಿಂಡಿಗೆ 6, ಎಣ್ಣೆಯಲ್ಲಿ ಕರಿದದ್ದು ಅಥವಾ ಬಾಡೂಟ ಆಗಿದ್ದರೆ 8. ಮಜ್ಜಿಗೆ ಮತ್ತು ರಾಗಿ ಗಂಜಿ ಲೋಟದಲ್ಲಿ ಕುಡಿದರೂ ಆಹಾರವೇ. ಅರಿವಳಿಕೆ ಕೊಟ್ಟ ಮೇಲೆ ಕೆಮ್ಮುವ ಶಕ್ತಿ ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಸೀದಾ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಪ್ಪಾಜಿಯವರನ್ನು ಹನ್ನೆರಡೂವರೆ ತನಕ ಕಾಯಿಸಿ ಆಮೇಲೆ ಮಾಡಬಹುದಿತ್ತು ಅಂತ ನನಗನ್ನಿಸುತ್ತದೆ. ಪೂರ್ತಿ ವಾಪಸ್ ಕಳಿಸಿದ್ದು ಅವತ್ತಿನ ಲಿಸ್ಟ್ ತುಂಬಿದ್ದರಿಂದ ಇರಬಹುದು.

ಪಿಜಿ ಅವರಿಗೆ ಒಂದು ಮಾತು. ಈ ಗಂಟೆಗಳ ಲೆಕ್ಕ ಆರಾಮಾಗಿರುವ ಹೊಟ್ಟೆಗೆ ಮಾತ್ರ. ಇದೇ ಹರ್ನಿಯಾ ಸಿಕ್ಕಿಹಾಕಿಕೊಂಡು ವಾಂತಿ ಶುರುವಾಗಿದ್ದರೆ 12 ಗಂಟೆ ಉಪವಾಸ ಇದ್ದರೂ ಹೊಟ್ಟೆ ತುಂಬಿದೆ ಅಂತಲೇ ಹಿಡಿಯಬೇಕು. ಹಾಗಾಗಿ ನೋಟ್‌ನಲ್ಲಿರುವ "ನೋವು, ವಾಂತಿ ಇಲ್ಲ" ಅನ್ನುವ ಸಾಲು ಕೂಡ ನಿಮ್ಮ ಉಪವಾಸದ ಕಾಲಂಗೆ ಸೇರಿದ್ದೇ.

ಮೊದಲ ವರ್ಷದ ಪಿಜಿ
ಹೋಗಿ ಬಂದೆ. ಮುಕ್ಕಾಲು ಗಂಟೆ ಕೂತಿದ್ದೆ. ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತೇನೆ.

"ಹಾರ್ಟ್ ತೊಂದರೆ ಇದೆಯಾ?" ಅಂದೆ. "ಇಲ್ಲಪ್ಪ" ಅಂದರು. "ಮತ್ತೆ ಈ ಮಾತ್ರೆ ಯಾಕೆ?" ಅಂತ ಸ್ಟ್ರಿಪ್ ತೋರಿಸಿದೆ. "ಅದಾ, ಬಲೂನ್ ಹಾಕ್ಸಿದ್ಮೇಲೆ ಕೊಟ್ಟಿದ್ದು" ಅಂದರು. 4 ವರ್ಷದ ಹಿಂದೆ ಎದೆನೋವು ಬಂದು ಒಂದು ಸ್ಟೆಂಟ್ ಹಾಕಿಸಿದ್ದಾರೆ. ಮನೆಯಿಂದ ಫೈಲ್ ಫೋಟೋ ತರಿಸಿಕೊಂಡೆ. ಡ್ರಗ್ ಇಲ್ಯೂಟಿಂಗ್ ಸ್ಟೆಂಟ್. ಅವರ ಲೆಕ್ಕದಲ್ಲಿ ಬಲೂನ್ ಹಾಕಿಸಿದ ಮೇಲೆ ಹಾರ್ಟ್ ತೊಂದರೆ ಮುಗಿದುಹೋಗಿದೆ, ಅದಕ್ಕೇ "ಇಲ್ಲ" ಅಂದದ್ದು. ಸರ್ಜರಿಯವರು ಕೇಳಿದಾಗಲೂ ಹೀಗೇ ಹೇಳಿರುತ್ತಾರೆ.

ಬಾಯಿ ತೆರೆಯಿರಿ ಅಂದೆ. ತೆರೆದರು. ನಾನು "ಇನ್ನೂ ದೊಡ್ಡದಾಗಿ" ಅಂದೆ. "ಇಷ್ಟೇ ಆಗೋದು" ಅಂದರು. ಅವರದೇ ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಡಿಸಿದೆ. ಎರಡನೆಯ ಬೆರಳು ಪೂರ್ತಿ ಹೋಗಲಿಲ್ಲ. ಸ್ಕೇಲ್ ಇಟ್ಟರೆ 24 ಮಿ.ಮೀ. ಕೆನ್ನೆ ಒಳಗೆ ಬಿಳಿಚಿದೆ, ಬೆರಳಿಟ್ಟರೆ ಹಗ್ಗದ ಹಾಗೆ ಗಟ್ಟಿ ಪಟ್ಟಿ ಸಿಗುತ್ತದೆ. ಖಾರ ತಿಂದರೆ ಬಾಯಿ ಉರಿಯುತ್ತದಂತೆ. 15 ವರ್ಷದಿಂದ ದಿನಕ್ಕೆ ಏಳೆಂಟು ಸಲ ಅಡಿಕೆ, ನಡುವೆ ಕೆಲವು ವರ್ಷ ಗುಟ್ಕಾ. ಬಾಯಿ ತೆರೆದಾಗ ಗಂಟಲು ಎಷ್ಟು ಕಾಣುತ್ತದೆ ಅನ್ನುವ ಮಲ್ಲಂಪಾಟಿ ಗ್ರೇಡ್ ನೋಡಿದೆ, 4. ಕತ್ತು ಹಿಂದಕ್ಕೆ ಚೆನ್ನಾಗಿ ಬಗ್ಗುತ್ತದೆ. ಗದ್ದದ ತುದಿಯಿಂದ ಗಂಟಲ ಮಣಿಗೆ 7 ಸೆಂ.ಮೀ.

ಹಾಳೆಯಲ್ಲಿ "ನಾರ್ಮಲ್" ಅಂತ ಬರೆದಿದ್ದೆ.

ಮಲೆನಾಡ ಮತ್ತು ಡಾಕ್ಟರ್
ನಾಚಿಕೆ ಬೇಡ. ನಾನು ಪಿಜಿ ಆಗಿದ್ದಾಗ ಕಟ್ಟುವ ಹಲ್ಲಿನ ಸೆಟ್ ಇರುವುದನ್ನು ನೋಡದೆ "ಹಲ್ಲು ಗಟ್ಟಿ" ಅಂತ ಬರೆದಿದ್ದೆ.

ಕಮ್ಮಿ ಬಾಯಿ ತೆರೆಯುವವರಲ್ಲಿ ಮಲ್ಲಂಪಾಟಿ ಒಂದನ್ನೇ ನೆಚ್ಚಬೇಡಿ. ನಾಲಗೆ ದೊಡ್ಡದಿದ್ದರೂ 4, ಬಾಗಿಲೇ ತೆರೆಯದಿದ್ದರೂ 4. ಹಾಳೆಯಲ್ಲಿ ಗ್ರೇಡ್ ಜೊತೆ ಆ 24 ಮಿ.ಮೀ. ಬರೆಯಿರಿ. ನಾಳೆ ಕೇಸ್ ತೆಗೆದುಕೊಳ್ಳುವವರಿಗೆ ಕೆಲಸಕ್ಕೆ ಬರುವುದು ಅದೇ. ಅಂದಹಾಗೆ, ಈ ಗ್ರೇಡಿಂಗ್ ಕೊಟ್ಟ ಡಾ. ಶೇಷಗಿರಿ ಮಲ್ಲಂಪಾಟಿ ಆಂಧ್ರ ಮೂಲದವರು. 1985ರಲ್ಲಿ ಅವರು ಬರೆದಾಗ ಮೂರೇ ಗ್ರೇಡ್ ಇದ್ದವು. ನಾಲ್ಕನೆಯದನ್ನು ಬೇರೆಯವರು 1987ರಲ್ಲಿ ಸೇರಿಸಿದರು.

ಈಗ ಕತ್ತರಿ ಸಾರ್ ಪ್ರಶ್ನೆ. ಸ್ಪೈನಲ್‌ಗೆ ಬಾಯಿ ಯಾಕೆ? ಸ್ಪೈನಲ್ ಹತ್ತದೇ ಇರಬಹುದು. ಅರ್ಧಕ್ಕೆ ಇಳಿಯಬಹುದು. ತುಂಬಾ ಮೇಲಕ್ಕೆ ಹತ್ತಿ ಉಸಿರಾಟ ನಿಲ್ಲಬಹುದು. ಆ ಮೂರರಲ್ಲಿ ಯಾವುದಾದರೂ ಆದರೆ ಆ 24 ಮಿ.ಮೀ. ಸಂದಿಯಲ್ಲೇ ಟ್ಯೂಬ್ ಹಾಕಬೇಕು. ಗಡಿಬಿಡಿಯಲ್ಲಿ ಬಾಯಿ ತೆರೆಯಲ್ಲ ಅಂತ ಗೊತ್ತಾಗುವುದಕ್ಕೂ, ಹಿಂದಿನ ದಿನವೇ ಗೊತ್ತಿದ್ದು ವಿಡಿಯೋ ಲ್ಯಾರಿಂಗೋಸ್ಕೋಪ್, ಫೈಬರ್ ಆಪ್ಟಿಕ್ ಪಕ್ಕದಲ್ಲಿ ಇಟ್ಟುಕೊಂಡಿರುವುದಕ್ಕೂ ಅಜಗಜಾಂತರ. ಇಲ್ಲಿ ಮಾಂಸಖಂಡ ಸಡಿಲ ಮಾಡುವ ಇಂಜೆಕ್ಷನ್ ಕೊಟ್ಟರೂ ಬಾಯಿ ತೆರೆಯಲ್ಲ ಅನ್ನೋದನ್ನೂ ನೆನಪಿಡಿ. ಬಿಗಿದಿರುವುದು ನಾರು, ಸ್ನಾಯುವಲ್ಲ.

ಕತ್ತರಿ ಕೈ
ಸರಿ, ಬಾಯಿ ವಿಷಯದಲ್ಲಿ ಸೋತೆ. ಆದರೆ ಹಾಗಿದ್ದ ಮೇಲೆ ಸ್ಪೈನಲ್ಲೂ ಬೇಡ, ಜನರಲ್ಲೂ ಬೇಡ. ಈ ಹರ್ನಿಯಾವನ್ನು ಲೋಕಲ್‌ನಲ್ಲೇ ಮಾಡಬಹುದು. ಓಪನ್ ರಿಪೇರಿ, ಸಿಕ್ಕಿಹಾಕಿಕೊಂಡಿಲ್ಲ, ರೋಗಿ ದಪ್ಪ ಇಲ್ಲ. ಎಷ್ಟೋ ಮಾಡಿದ್ದೇನೆ. ನೀವು ಅನಸ್ತೇಷಿಯಾದವರು ಇದನ್ನು ಯಾಕೆ ಯೋಚನೆ ಮಾಡಲ್ಲ?

ಮಲೆನಾಡ ಮತ್ತು ಡಾಕ್ಟರ್
ಒಳ್ಳೆಯ ದಾರಿಯೇ. ಸರ್ಜನ್ ಕೈ ಪಳಗಿರಬೇಕು, ರೋಗಿ ಒಪ್ಪಬೇಕು. ನನ್ನ ಭಯ ಒಂದೇ. ನೋವಾಯಿತು ಅಂತ ಸ್ವಲ್ಪ ಸ್ವಲ್ಪವೇ ನಿದ್ದೆ ಇಂಜೆಕ್ಷನ್ ಕೊಡುತ್ತಾ ಹೋಗುತ್ತಾರೆ, ಕೊನೆಗೆ ಮುಚ್ಚಿದ ಬಾಯಿಯವನು ಉಸಿರು ಕಟ್ಟಿಕೊಂಡು ಮಲಗಿರುತ್ತಾನೆ. ಅದು ಎಲ್ಲಕ್ಕಿಂತ ಕೆಟ್ಟದ್ದು.

ಪಿಜಿ ಸೀನಿಯರ್
ಎಎಸ್‌ಎ ವಿಷಯ ಯಾರೂ ಮುಗಿಸಲಿಲ್ಲ. ನಾನಾಗಿದ್ದರೆ ಈಗಲೂ 2 ಅಂತಲೇ ಹಾಕುತ್ತಿದ್ದೆ. ಸ್ಟೆಂಟ್ ಹಾಕಿ 4 ವರ್ಷ ಆಗಿದೆ, ಎದೆನೋವಿಲ್ಲ. ಗುಡ್ಡದ ತೋಟ ಹತ್ತಿ ಇಳಿಯುವ ಮನುಷ್ಯ. 3 ಅಂದರೆ ಓಡಾಟಕ್ಕೆ ತೊಂದರೆ ಇರಬೇಕಲ್ವಾ?

ಮಲೆನಾಡ ಮತ್ತು ಡಾಕ್ಟರ್
ಎಎಸ್‌ಎ ಅಂದರೆ ಅಮೆರಿಕದ ಅರಿವಳಿಕೆ ತಜ್ಞರ ಸಂಘ, ಅವರೇ 2014ರಲ್ಲಿ ಪ್ರತಿ ಕ್ಲಾಸ್‌ಗೂ ಉದಾಹರಣೆ ಕೊಟ್ಟಿದ್ದಾರೆ. ಸ್ಟೆಂಟ್ ಹಾಕಿ ಮೂರು ತಿಂಗಳು ದಾಟಿದ್ದರೆ 3, ಮೂರು ತಿಂಗಳ ಒಳಗಿದ್ದರೆ 4. ಸ್ಟೆಂಟಿನ ಉದಾಹರಣೆಯಲ್ಲಿ ಗುಡ್ಡ ಹತ್ತುವ ಮಾತು ಬರುವುದಿಲ್ಲ. ಆದ್ದರಿಂದ ನಾನು 3 ಹಾಕುತ್ತೇನೆ.

ಪಿಜಿ ಸೀನಿಯರ್
ಅವು ಉದಾಹರಣೆ, ಕಾನೂನಲ್ಲ ಸರ್. ಮೂಲ ವ್ಯಾಖ್ಯೆಯಲ್ಲಿ ಇರುವುದು ಕಾಯಿಲೆ ಎಷ್ಟು ತೀವ್ರ ಅನ್ನೋದು. ದಿನಕ್ಕೆ ಒಂದು ಕಟ್ಟು ಬೀಡಿ ಸೇದಿ ಎರಡು ಮೆಟ್ಟಿಲಿಗೆ ಏದುಸಿರು ಬಿಡುವವನು 2, ಇವರು 3 ಅಂದರೆ ನನಗೆ ಒಪ್ಪಿಗೆಯಿಲ್ಲ.

ಮಲೆನಾಡ ಮತ್ತು ಡಾಕ್ಟರ್
ಏದುಸಿರು ಬಿಡುವವನ ಶ್ವಾಸಕೋಶ ನೋಡಿದರೆ ಅವನೂ 3 ಆಗಬಹುದು! ಆದರೆ ನಿಮ್ಮ ಮಾತಿನಲ್ಲಿ ಹುರುಳಿದೆ. 1941ರಲ್ಲಿ ಈ ವರ್ಗೀಕರಣ ಶುರುವಾದದ್ದು ಅಂಕಿಅಂಶ ಸೇರಿಸಲಿಕ್ಕೆ. ಆಪರೇಷನ್ನಿನ ಅಪಾಯ ಹೇಳಲಿಕ್ಕೆ ಅಲ್ಲ. ಯಾವ ಆಪರೇಷನ್, ಎಷ್ಟು ರಕ್ತ ಹೋಗುತ್ತದೆ, ಬಾಯಿ ತೆರೆಯುತ್ತದಾ, ಇದು ಯಾವುದೂ ಆ ಅಂಕಿಯಲ್ಲಿಲ್ಲ. ಈ ರೋಗಿಗೆ ನಿಜವಾದ ಗಂಡಾಂತರ ಬಾಯಿ. ಅದು ಎಎಸ್‌ಎಯಲ್ಲಿ ಎಳ್ಳಷ್ಟೂ ಕಾಣಲ್ಲ. ಅದಕ್ಕೇ ನಾನು ಅಂಕಿ ಪಕ್ಕದಲ್ಲಿ ಕಾರಣ ಬರೆಯುತ್ತೇನೆ: "ಎಎಸ್‌ಎ 3, 4 ವರ್ಷದ ಹಿಂದೆ ಸ್ಟೆಂಟ್, ಎರಡು ಮಹಡಿ ನಿಲ್ಲದೆ ಹತ್ತುತ್ತಾರೆ." ಓದುವವರು 2 ಅಂದುಕೊಂಡರೂ ತೊಂದರೆಯಿಲ್ಲ, ಸಂಗತಿ ಕೈಯಲ್ಲಿರುತ್ತದೆ.

ಕ್ಲೋಪಿಡೋಗ್ರೆಲ್ ಇನ್ನೂ ಒಳಗಿರುವಾಗ ಸ್ಪೈನಲ್ ಕೊಟ್ಟರೆ ಬೆನ್ನುಹುರಿ ಪಕ್ಕ ರಕ್ತ ಹೆಪ್ಪುಗಟ್ಟಿ ಒತ್ತಬಹುದು, ಕಾಲು ಹೋಗಬಹುದು. 5ರಿಂದ 7 ದಿನ ನಿಲ್ಲಿಸಬೇಕು, ನಾನು 7 ಹಿಡಿಯುತ್ತೇನೆ. ಆಸ್ಪಿರಿನ್ ನಿಲ್ಲಿಸಬೇಕಿಲ್ಲ. ಇಲ್ಲೊಂದು ಎಡವಟ್ಟು ಆಗುತ್ತದೆ. ಎರಡೂ ಒಂದೇ ಮಾತ್ರೆಯಲ್ಲಿ ಇರುವುದರಿಂದ "ಆ ಮಾತ್ರೆ ನಿಲ್ಲಿಸಿ" ಅಂದರೆ ಎರಡೂ ನಿಲ್ಲುತ್ತವೆ. ಆಸ್ಪಿರಿನ್ 75 ಅನ್ನು ಬೇರೆಯಾಗಿ ಬರೆದುಕೊಡಬೇಕು. ಸ್ಟೆಂಟ್ ಹಾಕಿ ಆರು ತಿಂಗಳೊಳಗಿದ್ದರೆ ಹರ್ನಿಯಾದಂಥ ಕಾಯಬಹುದಾದ ಆಪರೇಷನ್ನಿಗೆ ಕ್ಲೋಪಿಡೋಗ್ರೆಲ್ ಮುಟ್ಟಲೇಬಾರದು. ಯಾವುದಕ್ಕೂ ಕಾರ್ಡಿಯಾಲಜಿಯವರನ್ನು ಕೇಳಿ ಬರೆಸಿಕೊಳ್ಳಿ.

ಮೊದಲ ವರ್ಷದ ಪಿಜಿ
ಕಾರ್ಡಿಯಾಲಜಿಯವರು 7 ದಿನ ಕ್ಲೋಪಿಡೋಗ್ರೆಲ್ ನಿಲ್ಲಿಸಿ, ಆಸ್ಪಿರಿನ್ ಇರಲಿ ಅಂತ ಬರೆದುಕೊಟ್ಟರು. ಕೇಸ್ ಮುಂದಕ್ಕೆ ಹೋಯಿತು. ಈ ನಡುವೆ ಹಾಳೆಯನ್ನೇ ಬದಲಿಸಿದೆ. ಮೊದಲು ಒಂದೇ ಕಾಲಂ ಇತ್ತು. ಈಗ ಪ್ರತಿ ಸಾಲಿಗೂ ಎರಡು: "ನೋಟ್‌ನಲ್ಲಿ ಇರುವುದು" ಮತ್ತು "ನಾನು ಕೇಳಿದ್ದು, ನೋಡಿದ್ದು". ಎರಡನೆಯದು ಖಾಲಿ ಇದ್ದರೆ ಖಾಲಿಯೇ. ಮೊದಲನೆಯದರಿಂದ ಕಾಪಿ ಮಾಡಬಾರದು ಅಂತ ನನಗೆ ನಾನೇ ನಿಯಮ ಹಾಕಿಕೊಂಡೆ. ಅದೇ ರೋಗಿಯದು ಈಗ ಹೀಗಿದೆ:

ಏರ್‌ವೇ. ನೋಟ್: ಮಾಹಿತಿ ಇಲ್ಲ. ನೋಡಿದ್ದು: ಬಾಯಿ 24 ಮಿ.ಮೀ., ಕೆನ್ನೆಯಲ್ಲಿ ಗಟ್ಟಿ ಪಟ್ಟಿ, ಮಲ್ಲಂಪಾಟಿ 4, ಕತ್ತು ಸರಿ, ಹಲ್ಲು ಅಲ್ಲಾಡುವುದಿಲ್ಲ. ಟ್ಯೂಬ್ ಕಷ್ಟ.

ಉಪವಾಸ. ನೋಟ್: 10ರಿಂದ ಎನ್‌ಬಿಎಂ (ಆರ್ಡರ್). ಕೇಳಿದ್ದು: ಆಪರೇಷನ್ ದಿನ ಬೆಳಿಗ್ಗೆ ತುಂಬಬೇಕು. ಕೊನೆಯ ಊಟ, ಕೊನೆಯ ಹಾಲು ಬೆರೆತದ್ದು, ಕೊನೆಯ ನೀರು, ಮೂರಕ್ಕೂ ಬೇರೆ ಬೇರೆ ಗಂಟೆ, ಹೇಳಿದವರು ಯಾರು.

ಕಾಯಿಲೆ. ನೋಟ್: ಬಿಪಿ, ಶುಗರ್. ಕೇಳಿದ್ದು: ಇವೆರಡು, ಜೊತೆಗೆ ಸ್ಟೆಂಟ್, ಬಾಯಿಯ ಫೈಬ್ರೋಸಿಸ್.

ರಿಸ್ಕ್. ಎಎಸ್‌ಎ 3, ಕಾರಣ ಪಕ್ಕದಲ್ಲಿ.

ಒಂದು ಅನುಮಾನ. ಮೂರು ತಿಂಗಳ ಸರಾಸರಿ ಶುಗರ್, ಎಚ್‌ಬಿಎ1ಸಿ, 8.6 ಬಂದಿದೆ. ಇದನ್ನು "ಕಂಟ್ರೋಲ್ ಇಲ್ಲ" ಅಂತ ಬರೆಯಬೇಕಾ?

ಪಿಜಿ ಸೀನಿಯರ್
ಎಎಸ್‌ಎ ಅದಕ್ಕೆ ಅಂಕಿ ಕೊಟ್ಟಿಲ್ಲ. ನಮ್ಮಲ್ಲಿ 8ರ ಮೇಲೆ ಇದ್ದರೆ ಬರೆಯುತ್ತೇವೆ, ಬೇರೆ ಕಡೆ ಬೇರೆ ಗೆರೆ ಇಟ್ಟುಕೊಂಡಿದ್ದಾರೆ. 8.6 ಅಂತ ಅಂಕಿಯನ್ನೇ ಬರೆದುಬಿಡಿ.

ಶುಗರ್ ಕ್ಲಿನಿಕ್
ಹಾಳೆಗೆ ಒಂದು ಸಾಲು ಸೇರಿಸಿ. ಈಗ ಡಾಪಾಗ್ಲಿಫ್ಲೋಜಿನ್ ತುಂಬಾ ಜನ ತೆಗೆದುಕೊಳ್ಳುತ್ತಾರೆ. ಎಷ್ಟೋ ಸಲ ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿರುತ್ತದೆ, ನೋಟ್‌ನಲ್ಲಿ ಬರೀ "ಶುಗರ್ ಮಾತ್ರೆ" ಅಂತಿರುತ್ತದೆ. ಅದನ್ನು 3 ದಿನ ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಉಪವಾಸದಲ್ಲಿ ಕೀಟೋನ್ ಏರುತ್ತದೆ, ಗ್ಲುಕೋಮೀಟರ್ ಮಾತ್ರ 160, 170 ತೋರಿಸುತ್ತಾ ಇರುತ್ತದೆ. ಸ್ಟ್ರಿಪ್ ಕೈಗೆ ತೆಗೆದುಕೊಂಡು ಓದಿ.

ಹಾಸನದ ಮಗಳು
ಸ್ಟ್ರಿಪ್ ಅಂದಿದ್ದಕ್ಕೆ ನೆನಪಾಯಿತು. ಅಪ್ಪಾಜಿ ಮಾತ್ರೆಗಳನ್ನೆಲ್ಲ ಒಂದು ಹಳೇ ಡಬ್ಬಿಗೆ ಸುರಿದಿಟ್ಟಿರುತ್ತಾರೆ. ಇನ್ನು ಮೇಲೆ ಆಸ್ಪತ್ರೆಗೆ ಹೋಗುವಾಗ ಆ ಡಬ್ಬಿ ತಗೊಂಡು ಹೋದರೆ ಸಾಕಾ?

ವಾರ್ಡ್ ಸಿಸ್ಟರ್
ಡಬ್ಬಿ ಬೇಡ ಅಕ್ಕಾ, ಬಿಳಿ ಗುಳಿಗೆ ಎಲ್ಲ ಒಂದೇ ಥರ ಕಾಣ್ತಾವೆ. ಸ್ಟ್ರಿಪ್ ಸಮೇತ ತನ್ನಿ, ಖಾಲಿ ಸ್ಟ್ರಿಪ್ ಆದರೂ ಪರವಾಗಿಲ್ಲ.

ಮೊದಲ ವರ್ಷದ ಪಿಜಿ
ಕೊನೆಯ ಅಪ್‌ಡೇಟ್. ಇವತ್ತು ಕೇಸ್ ಆಯಿತು. ಬೆಳಿಗ್ಗೆ 8ಕ್ಕೆ ಹೋಗಿ ಸಿಸ್ಟರ್ ಹೇಳಿದ ಹಾಗೆ "ಕಾಫಿ ಎಷ್ಟೊತ್ತಿಗೆ ಆಯ್ತು?" ಅಂದೆ. "ಆರಕ್ಕೇ ಆಯ್ತು" ಅಂದರು ನಗುನಗುತ್ತಾ. ಮಗ ಫ್ಲಾಸ್ಕ್‌ನಲ್ಲಿ ತಂದಿದ್ದ. ಊಟ ರಾತ್ರಿ 9ಕ್ಕೆ, ಕಾಫಿ 6ಕ್ಕೆ, ನೀರು 7ಕ್ಕೆ. ಹಾಳೆಯಲ್ಲಿ ಮೂರು ಗಂಟೆ ಬರೆದು ಮೇಡಂಗೆ ತೋರಿಸಿದೆ. ಶುಗರ್ ಇರುವವರು ಅಂತ ಮೊದಲನೇ ಕೇಸ್ ಆಗಿದ್ದರು, ಹನ್ನೆರಡೂವರೆಗೆ ತಳ್ಳಿದರು. 10 ಗಂಟೆ ತನಕ ನೀರು ಕುಡಿಯಲು ಬಿಟ್ಟರು, ಗಂಟೆಗೊಮ್ಮೆ ಶುಗರ್ ನೋಡಿದೆವು, 142ಕ್ಕಿಂತ ಕೆಳಗಿಳಿಯಲಿಲ್ಲ. ಲೋಕಲ್ ಅಂದರೆ ರೋಗಿ ಒಪ್ಪಲಿಲ್ಲ. ಸ್ಪೈನಲ್ ಒಂದೇ ಸಲಕ್ಕೆ ಸಿಕ್ಕಿತು. ವಿಡಿಯೋ ಲ್ಯಾರಿಂಗೋಸ್ಕೋಪ್, ಫೈಬರ್ ಆಪ್ಟಿಕ್ ಎರಡೂ ಟ್ರಾಲಿ ಮೇಲಿದ್ದವು, ಮುಟ್ಟಲಿಲ್ಲ. ಬಾಯಿಗೆ ದಂತ ವಿಭಾಗಕ್ಕೆ ಚೀಟಿ ಬರೆದಿದ್ದೇವೆ.

ಕತ್ತರಿ ಕೈ
ಆ ಹಾಳೆ ನನಗೂ ಕಳಿಸಿ. ಮಾತ್ರೆಗೂ ಕಾಯಿಲೆಗೂ ಗೆರೆ ಎಳೆಯೋದನ್ನು ನಮ್ಮ ಅಡ್ಮಿಷನ್ ನೋಟ್‌ನಲ್ಲೇ ಮಾಡಿಸುತ್ತೇನೆ. ಬಾಯಿ ಮಾತ್ರ ನೀವೇ ನೋಡಿ, ನಮ್ಮ ಹುಡುಗರು ಮತ್ತೆ ಎನ್‌ಎಡಿ ಅಂತಲೇ ಬರೆಯೋದು.

ಪಿಜಿ ಸೀನಿಯರ್
ನಾನು ಇನ್ನೂ 2 ಅಂತಲೇ ಹೇಳೋದು.